ನೂರು ಹಕ್ಕಿ, ನೂರು ಪಣ

ಆಗಸ್ಟ್ 4, ಸೋಮವಾರ

ನಾಳೆ ಬಿ.ಎಸ್ಸಿ. ತರಗತಿಗೆ Ax = b ಶುರು ಮಾಡಬೇಕು. ಸಮೀಕರಣಗಳು ಕಡಿಮೆ, ಅವ್ಯಕ್ತಗಳು ಹೆಚ್ಚು ಇದ್ದಾಗ ಪರಿಹಾರಗಳೆಲ್ಲ ಸೇರಿ ಎಂಥ ಆಕಾರ ತಾಳುತ್ತವೆ ಎನ್ನುವುದು ಪಾಠದ ತಿರುಳು. ಪಠ್ಯದ ಲೆಕ್ಕಗಳಲ್ಲಿ ಬರೀ ಅಂಕಿಗಳು, ಅವು ಯಾವುದರ ಅಂಕಿಗಳು ಎಂಬುದೇ ಇಲ್ಲ. ಹಾಗಾಗಿ ಈ ಸಲ ಮಹಾವೀರಾಚಾರ್ಯನ ಹಕ್ಕಿಗಳ ಲೆಕ್ಕದಿಂದಲೇ ಹೊರಡುತ್ತೇನೆ.

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ ರಚನೆಯಾದದ್ದು ಆತನ ‘ಗಣಿತಸಾರಸಂಗ್ರಹ’. ಗ್ರಂಥದ ಆರಂಭದಲ್ಲೇ ಆ ದೊರೆಯ ಹೊಗಳಿಕೆ ಇದೆ. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದರು. ಅದರ ಮಿಶ್ರಕ ವ್ಯವಹಾರ ಭಾಗದಲ್ಲಿ ಈ ಲೆಕ್ಕ ಬರುತ್ತದೆ: ಪಾರಿವಾಳ 3 ಪಣಕ್ಕೆ 5, ಸಾರಸ 5 ಪಣಕ್ಕೆ 7, ಹಂಸ 7 ಪಣಕ್ಕೆ 9, ನವಿಲು 9 ಪಣಕ್ಕೆ 3. ರಾಜಕುಮಾರನ ವಿನೋದಕ್ಕೆಂದು 100 ಪಣಕ್ಕೆ 100 ಹಕ್ಕಿ ತರಬೇಕು. ಯಾವುದು ಎಷ್ಟು? ಮುಂದೆ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲೂ ಇದೇ ಲೆಕ್ಕ ಇದೆ.

ಸಂಜೆ ಕೂತು ಲೆಕ್ಕವನ್ನು ಇಳಿಸಿದೆ. ಪಾರಿವಾಳ, ಸಾರಸ, ಹಂಸಗಳನ್ನು ಗುಂಪಿನ ಲೆಕ್ಕದಲ್ಲೇ ಕೊಳ್ಳಬೇಕು. ಬಿಡಿಯಾಗಿ ಕೊಂಡರೆ ಬೆಲೆಯಲ್ಲಿ ಐದನೇ, ಏಳನೇ, ಒಂಬತ್ತನೇ ಭಾಗಗಳು ಉಳಿಯುತ್ತವೆ. ಈ ಮೂರರಲ್ಲಿ ಯಾವ ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲದ್ದರಿಂದ ಒಂದರ ಚೂರು ಇನ್ನೊಂದರ ಚೂರನ್ನು ತುಂಬಿಕೊಡುವುದಿಲ್ಲ, ಮೊತ್ತ ಪೂರ್ಣ 100 ಆಗುವುದಿಲ್ಲ. ನವಿಲು ಮಾತ್ರ ಒಂದಕ್ಕೆ 3 ಪಣ, ಬಿಡಿಯಾಗಿ ಕೊಳ್ಳಬಹುದು. ಗುಂಪುಗಳು ಕ್ರಮವಾಗಿ x, y, z, ನವಿಲು m ಎಂದಿಟ್ಟುಕೊಂಡರೆ:

5x + 7y + 9z + m = 100 (ಹಕ್ಕಿಗಳ ಲೆಕ್ಕ)
3x + 5y + 7z + 3m = 100 (ಪಣದ ಲೆಕ್ಕ)

ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 2x + 2y + 2z − 2m = 0, ಅಂದರೆ m = x + y + z. ನವಿಲಿನ ಸಂಖ್ಯೆ ಉಳಿದ ಗುಂಪುಗಳ ಒಟ್ಟು ಸಂಖ್ಯೆಗೆ ಸಮ. ಇದನ್ನು ಮೊದಲ ಸಮೀಕರಣದಲ್ಲಿ ಹಾಕಿ ಎರಡರಿಂದ ಭಾಗಿಸಿದರೆ ಉಳಿಯುವುದು ಒಂದೇ ಸಾಲು:

3x + 4y + 5z = 50

ಇಷ್ಟು ಚೊಕ್ಕವಾಗಿ ಇಳಿಯುವ ಲೆಕ್ಕವನ್ನು ನಾನೇ ಕಟ್ಟಬೇಕೆಂದರೂ ಸುಲಭವಾಗುತ್ತಿರಲಿಲ್ಲ.

ಆಗಸ್ಟ್ 5, ಮಂಗಳವಾರ

ಸಮೀಕರಣಗಳನ್ನು ಹಲಗೆಯ ಮೇಲೆ ಬರೆದು, ಯಾವ ಸೂತ್ರವನ್ನೂ ಹೇಳದೆ, ಯಾರಿಗೆ ಯಾವ ಉತ್ತರ ಸಿಕ್ಕರೂ ಬಂದು ಬರೆಯಿರಿ ಎಂದೆ. ಮೊದಲು ಬಂದದ್ದು (3, 4, 5, 12). ತಾಳೆ ನೋಡಿದೆವು: 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು, ಒಟ್ಟು 100. ಬೆಲೆ 9, 20, 35, 36, ಅದೂ 100. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು (4, 2, 6, 12) ಎಂದು ಬರೆದಳು. ಅದೂ ಸರಿ. ಕಿಟಕಿ ಪಕ್ಕದ ಹುಡುಗ (7, 1, 5, 13) ಬರೆದ. ಅದೂ ಸರಿ.

“ಮೇಡಮ್, ಇದರಲ್ಲಿ ಯಾವುದು ಉತ್ತರ?” ಎಂದು ಕೇಳಿದರು. ಉತ್ತರ ಹೇಳುವ ಬದಲು ಒಂದರಿಂದ ಒಂದನ್ನು ಕಳೆಯಲು ಹೇಳಿದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದಾಗ ಬಂದದ್ದು (1, −2, 1, 0). ಇದನ್ನು ಸಮೀಕರಣಗಳ ಎಡಬದಿಗೆ ಹಾಕಿ ನೋಡಿ ಎಂದೆ. ಹಕ್ಕಿಗಳ ಲೆಕ್ಕ: 5 − 14 + 9 = 0. ಪಣದ ಲೆಕ್ಕ: 3 − 10 + 7 = 0. ಮೂರನೆಯದರಿಂದ ಮೊದಲನೆಯದನ್ನು ಕಳೆದರೆ (4, −3, 0, 1); ಹಕ್ಕಿಗಳು 20 − 21 + 1 = 0, ಪಣ 12 − 15 + 3 = 0.

ಇವುಗಳ ಅರ್ಥವನ್ನು ವ್ಯಾಪಾರದ ಮಾತಿನಲ್ಲೇ ಹೇಳಿದೆ. (1, −2, 1, 0) ಒಂದು ವಿನಿಮಯ: ಸಾರಸದ ಎರಡು ಗುಂಪು ಹಿಂದಕ್ಕೆ ಕೊಟ್ಟು, ಪಾರಿವಾಳದ ಒಂದು ಗುಂಪು, ಹಂಸದ ಒಂದು ಗುಂಪು ತರುವುದು. ಕೊಟ್ಟದ್ದು 14 ಹಕ್ಕಿ, ತಂದದ್ದು 5 ಮತ್ತು 9, ಅದೂ 14. ಕೊಟ್ಟದ್ದರ ಬೆಲೆ 10 ಪಣ, ತಂದದ್ದರ ಬೆಲೆ 3 ಮತ್ತು 7, ಅದೂ 10. ಇನ್ನೊಂದು ವಿನಿಮಯದಲ್ಲಿ ಸಾರಸದ ಮೂರು ಗುಂಪು ಕೊಟ್ಟು ಪಾರಿವಾಳದ ನಾಲ್ಕು ಗುಂಪು ಮತ್ತು ಒಂದು ನವಿಲು ತರುತ್ತೇವೆ. ಅಲ್ಲೂ 21 ಹಕ್ಕಿಗೆ 21 ಹಕ್ಕಿ, 15 ಪಣಕ್ಕೆ 15 ಪಣ. ಎಣಿಸುವವನಿಗೂ ದುಡ್ಡು ನೋಡಿಕೊಳ್ಳುವವನಿಗೂ ಈ ವಿನಿಮಯ ನಡೆದದ್ದೇ ಗೊತ್ತಾಗುವುದಿಲ್ಲ. ಸಮೀಕರಣಗಳ ಕಣ್ಣಿಗೆ ಬೀಳದ ಇಂಥ ಎಲ್ಲ ವೆಕ್ಟರ್‌ಗಳ ಸಮೂಹವೇ A ಎಂಬ ಮ್ಯಾಟ್ರಿಕ್ಸ್‌ನ ನಲ್ ಸ್ಪೇಸ್: Ax = 0 ಆಗಿಸುವ x ಗಳೆಲ್ಲವೂ.

ಇಷ್ಟಾದ ಮೇಲೆ ಪ್ರಮೇಯಕ್ಕೆ ಎರಡೇ ಸಾಲು ಸಾಕಾಯಿತು. p, q ಎರಡೂ ಪರಿಹಾರಗಳಾದರೆ A(q − p) = b − b = 0, ಆದ್ದರಿಂದ ಅವುಗಳ ವ್ಯತ್ಯಾಸ ನಲ್ ಸ್ಪೇಸ್‌ನಲ್ಲಿದೆ. ತಿರುಗಿಸಿ ಹೇಳಿದರೆ, p ಪರಿಹಾರವಾಗಿದ್ದು n ನಲ್ ಸ್ಪೇಸ್‌ನಲ್ಲಿದ್ದರೆ A(p + n) = b + 0 = b, ಆದ್ದರಿಂದ p + n ಕೂಡ ಪರಿಹಾರ. ಮೊದಲ ಸಾಲು ಯಾವ ಪರಿಹಾರವೂ ತಪ್ಪಿಹೋಗಿಲ್ಲ ಎನ್ನುತ್ತದೆ, ಎರಡನೆಯದು ಪರಿಹಾರವಲ್ಲದ್ದು ಯಾವುದೂ ಒಳಗೆ ನುಸುಳಿಲ್ಲ ಎನ್ನುತ್ತದೆ. ಪಠ್ಯ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ಎರಡೂ ಬೇರೆ ಬೇರೆ ಭರವಸೆಗಳು ಎಂದು ಬಿಡಿಸಿ ತೋರಿಸಿದಾಗ ತರಗತಿಯಲ್ಲಿ ತಲೆಗಳು ಆಡಿದವು.

ಆಗಸ್ಟ್ 7, ಗುರುವಾರ

ಮನೆಗೆಲಸಕ್ಕೆ ಸಂಪೂರ್ಣ ಪರಿಹಾರ ಬರೆದು ತರಲು ಹೇಳಿದ್ದೆ. ಭಿನ್ನರಾಶಿಗಳಿದ್ದರೂ ಪರವಾಗಿಲ್ಲ, ಹಕ್ಕಿಗಳನ್ನು ಸದ್ಯಕ್ಕೆ ಮರೆಯಿರಿ ಎಂದಿದ್ದೆ. ಮಧ್ಯಾಹ್ನ ಸ್ಟಾಫ್ ರೂಮಿಗೆ ಇಬ್ಬರು ನೋಟ್‌ಬುಕ್ ಹಿಡಿದು ಬಂದರು. “ಇಬ್ಬರದೂ ಬೇರೆ ಬೇರೆ ಬಂದಿದೆ ಮೇಡಮ್, ಯಾರದು ತಪ್ಪು?”

ಹುಡುಗಿ y, z ಗಳನ್ನು ಸ್ವತಂತ್ರವಾಗಿ ಬಿಟ್ಟಿದ್ದಳು:

(50/3, 0, 0, 50/3) + s(−4/3, 1, 0, −1/3) + t(−5/3, 0, 1, −2/3)

ಹುಡುಗ x, y ಗಳನ್ನು ಸ್ವತಂತ್ರವಾಗಿ ಬಿಟ್ಟಿದ್ದ:

(0, 0, 10, 10) + s(1, 0, −3/5, 2/5) + t(0, 1, −4/5, 1/5)

ಎರಡರಲ್ಲಿ ಒಂದು ವೆಕ್ಟರೂ ಹೊಂದುವುದಿಲ್ಲ. ಆದರೂ ಎರಡೂ ಹೇಳುತ್ತಿರುವುದು ಒಂದೇ ಸಮೂಹವನ್ನು. ಇದನ್ನು ಪರೀಕ್ಷಿಸುವ ಕ್ರಮವನ್ನು ಅವರ ಕೈಯಲ್ಲೇ ಮಾಡಿಸಿದೆ. ಮೊದಲು ಎರಡು ನಿರ್ದಿಷ್ಟ ಪರಿಹಾರಗಳ ವ್ಯತ್ಯಾಸ ತೆಗೆಯಬೇಕು: (50/3, 0, −10, 20/3). ಇದು ಹುಡುಗನ ಮೊದಲ ವೆಕ್ಟರಿನ 50/3 ರಷ್ಟು, ಆದ್ದರಿಂದ ನಲ್ ಸ್ಪೇಸ್‌ನಲ್ಲೇ ಇದೆ. ಆಮೇಲೆ ಇಬ್ಬರ ವೆಕ್ಟರ್‌ಗಳನ್ನೂ A ಗೆ ಹಾಕಿ ಸೊನ್ನೆ ಬರುತ್ತದೆಯೇ ನೋಡಬೇಕು, ಬಂತು. ಕೊನೆಗೆ ಸಂಖ್ಯೆ: ನಾಲ್ಕು ಅವ್ಯಕ್ತಗಳು, ಒಂದನ್ನೊಂದು ಅವಲಂಬಿಸದ ಎರಡು ಸಮೀಕರಣಗಳು, ಹಾಗಾಗಿ ನಲ್ ಸ್ಪೇಸ್‌ನ ಆಯಾಮ 4 − 2 = 2. ಇಬ್ಬರ ಬಳಿಯೂ ಎರಡೆರಡು ಸ್ವತಂತ್ರ ವೆಕ್ಟರ್‌ಗಳಿವೆ. ಅಲ್ಲಿಗೆ ಇಬ್ಬರೂ ಸರಿ. ಎಲ್ಲಿ ನಿಂತು ಹೊರಡುತ್ತೀರಿ ಎನ್ನುವುದು ನಿಮ್ಮ ಆಯ್ಕೆ, ಯಾವ ಯಾವ ಕಡೆ ಹೋಗಬಹುದು ಎನ್ನುವುದನ್ನು ಮಾತ್ರ A ತೀರ್ಮಾನಿಸುತ್ತದೆ ಎಂದೆ.

ಉಳಿದ ನೋಟ್‌ಬುಕ್‌ಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಂಡಿತು. ನಿರ್ದಿಷ್ಟ ಪರಿಹಾರದ ಮುಂದೆಯೂ ಒಂದು ಅಕ್ಷರ ಹಾಕಿ r(3, 4, 5, 12) + … ಎಂದು ಬರೆದಿದ್ದಾರೆ, ಎಲ್ಲಕ್ಕೂ ಗುಣಕ ಇದ್ದರೆ ಚೆಂದ ಎನ್ನುವಂತೆ. r = 2 ಹಾಕಿದರೆ ಬರುವುದು 200 ಪಣಕ್ಕೆ 200 ಹಕ್ಕಿ, ಕೇಳಿದ್ದು ಅದಲ್ಲ. ಎರಡು ಪರಿಹಾರಗಳನ್ನು ಕೂಡಿದರೂ ಇದೇ ಗತಿ. ನಿರ್ದಿಷ್ಟ ಪರಿಹಾರವನ್ನು ಒಂದೇ ಸಲ, ಇದ್ದಂತೆಯೇ ಸೇರಿಸಬೇಕು. ಗುಣಕಗಳು ನಲ್ ಸ್ಪೇಸ್‌ನ ವೆಕ್ಟರ್‌ಗಳಿಗೆ ಮಾತ್ರ. ತಪ್ಪನ್ನು ಹಿಡಿಯುವುದೂ ಸುಲಭ: ಗುಣಕ ಇರುವ ಪ್ರತಿ ವೆಕ್ಟರ್ ಸಮೀಕರಣಗಳಲ್ಲಿ 0, 0 ಕೊಡಬೇಕು, ಗುಣಕ ಇಲ್ಲದ ಒಂದೇ ಒಂದು 100, 100 ಕೊಡಬೇಕು.

ಆಗಸ್ಟ್ 10, ಭಾನುವಾರ

ಚಿತ್ರ ಕಣ್ಣಿಗೆ ಕಾಣದೆ ಈ ಮಾತುಗಳು ನಿಲ್ಲುವುದಿಲ್ಲ. m ಹೇಗಿದ್ದರೂ x + y + z ಆಗಿರುವುದರಿಂದ ಅದನ್ನು ಬದಿಗಿಟ್ಟು ಮೂರು ಆಯಾಮಗಳಲ್ಲೇ ಚಿತ್ರ ಬರೆಯಬಹುದು, ಏನೂ ಕಳೆದುಹೋಗುವುದಿಲ್ಲ. ಮೂರು ಆಯಾಮ ಬೇಕೆಂದರೆ ಕೋಣೆಯ ಮೂಲೆಗಿಂತ ಬೇರೆ ಏನು ಬೇಕು? ಎರಡು ಗೋಡೆ, ಒಂದು ನೆಲ ಸೇರುವ ಬಿಂದು ಮೂಲಬಿಂದು. ನೆಲದ ಅಂಚುಗಳು x, y ಅಕ್ಷಗಳು, ಗೋಡೆಗಳು ಸೇರುವ ನೆಟ್ಟನೆಯ ಅಂಚು z ಅಕ್ಷ.

ಒಂದು ಗುಂಪಿಗೆ 2 ಸೆಂ.ಮೀ. ಅಳತೆ ಇಟ್ಟುಕೊಂಡೆ. 3x + 4y + 5z = 50 ಎಂಬ ಸಮತಲ x ಅಕ್ಷವನ್ನು 50/3ರಲ್ಲಿ, y ಅಕ್ಷವನ್ನು 12.5ರಲ್ಲಿ, z ಅಕ್ಷವನ್ನು 10ರಲ್ಲಿ ಕತ್ತರಿಸುತ್ತದೆ. ಅಂದರೆ ಮೂಲೆಯಿಂದ 33.3, 25, 20 ಸೆಂ.ಮೀ. ದೂರದಲ್ಲಿ ಗುರುತು. ರಟ್ಟನ್ನು 41.7, 38.9, 32 ಸೆಂ.ಮೀ. ಬಾಹುಗಳ ತ್ರಿಭುಜವಾಗಿ ಕತ್ತರಿಸಿ ಮೂಲೆಗೆ ಒರಗಿಸಿದರೆ ಗುರುತುಗಳ ಮೇಲೆ ಸರಿಯಾಗಿ ಕೂತಿತು. ಋಣಸಂಖ್ಯೆಯಿಲ್ಲದ ಎಲ್ಲ ಪರಿಹಾರಗಳೂ ಈ ರಟ್ಟಿನ ಮೇಲಿವೆ.

ಹಾಗಾದರೆ ನಲ್ ಸ್ಪೇಸ್ ಎಲ್ಲಿ? ಅದು 3x + 4y + 5z = 0 ಎಂಬ ಸಮತಲ: ರಟ್ಟಿನಷ್ಟೇ ಓರೆಯಾಗಿ, ಅದಕ್ಕೆ ಸಮಾಂತರವಾಗಿ, ಆದರೆ ಮೂಲೆಯ ಬಿಂದುವಿನ ಮೂಲಕವೇ ಹಾಯುತ್ತದೆ. ಕೋಣೆಯೊಳಗೆ ಅದು ಆ ಒಂದು ಬಿಂದುವಿನಲ್ಲಿ ಮಾತ್ರ ಮುಟ್ಟುತ್ತದೆ, ಉಳಿದದ್ದೆಲ್ಲ ಗೋಡೆಗಳ ಆಚೆ, ನೆಲದ ಕೆಳಗೆ. ಹಾಗೇ ಇರಬೇಕು ಕೂಡ. 3, 4, 5 ಎಲ್ಲ ಧನಸಂಖ್ಯೆಗಳಾದ್ದರಿಂದ ಮೊತ್ತ ಸೊನ್ನೆಯಾಗಲು ಒಂದಾದರೂ ಋಣಸಂಖ್ಯೆ ಬೇಕು. ಏನನ್ನೂ ಹಿಂದಕ್ಕೆ ಕೊಡದೆ ವಿನಿಮಯ ನಡೆಯುವುದಿಲ್ಲ ಎಂಬ ವ್ಯಾಪಾರದ ಮಾತೇ ಇಲ್ಲಿ ಚಿತ್ರವಾಗಿದೆ.

ಆ ಸಮತಲವನ್ನು ಅದರ ಓರೆ ಬದಲಿಸದೆ ಎತ್ತಿ ತಂದು ರಟ್ಟಿನ ಮೇಲಿಟ್ಟರೆ ಪರಿಹಾರಗಳ ಸಮೂಹ ಸಿಕ್ಕಿತು. ಎಷ್ಟು, ಯಾವ ದಿಕ್ಕಿಗೆ ಎತ್ತಬೇಕು ಎಂಬುದನ್ನು ನಿರ್ದಿಷ್ಟ ಪರಿಹಾರ ಹೇಳುತ್ತದೆ. ಮೂಲೆಯಿಂದ ರಟ್ಟಿನ ಯಾವ ಬಿಂದುವಿಗೆ ಬೇಕಾದರೂ ಬಾಣ ಎಳೆದು ಅದರಷ್ಟು ಸರಿಸಿ, ಸಮತಲ ಬಂದು ಕೂರುವ ಜಾಗ ಒಂದೇ. ಒಂದು ಬಾಣಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸಮತಲದೊಳಗೇ ಜಾರುವಂಥದ್ದು. ನೋಟ್‌ಬುಕ್ ಹಿಡಿದು ಬಂದ ಇಬ್ಬರೂ ಬೇರೆ ಬೇರೆ ಬಾಣ ಎಳೆದಿದ್ದರು, ಅಷ್ಟೆ.

ಆ ಬಾಣಗಳಲ್ಲಿ ತೀರ ಚಿಕ್ಕದು ರಟ್ಟಿಗೆ ಲಂಬವಾಗಿರುವುದು. ಅದರ ದಿಕ್ಕು (3, 4, 5); ರಟ್ಟನ್ನು ಮುಟ್ಟುವ ಬಿಂದುವೂ (3, 4, 5), ಏಕೆಂದರೆ 9 + 16 + 25 = 50. ಎರಡು ಗೋಡೆಗಳಿಂದ 6 ಮತ್ತು 8 ಸೆಂ.ಮೀ., ನೆಲದಿಂದ 10 ಸೆಂ.ಮೀ. ಇರುವ ಆ ಜಾಗದಲ್ಲಿ ರಟ್ಟಿಗೆ ತೂತು ಮಾಡಿ ಮೂಲೆಯಿಂದ ದಾರ ಎಳೆದು ಅಳೆದೆ: 14 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಲೆಕ್ಕದಲ್ಲಿ √50ರ ಎರಡರಷ್ಟು, 14.1. ನವಿಲನ್ನೂ ಸೇರಿಸಿ ನಾಲ್ಕು ಆಯಾಮಗಳಲ್ಲಿ ಅಳೆದರೆ ಹತ್ತಿರದ ಬಿಂದು ಬೇರೆಯಾಗುತ್ತದೆ, ಇದನ್ನು ತರಗತಿಯಲ್ಲಿ ಹೇಳಲೇಬೇಕು. ‘ಹತ್ತಿರ’ ಎನ್ನುವುದು ಯಾವ ಅಕ್ಷಗಳಲ್ಲಿ ಅಳೆಯುತ್ತೇವೆ ಎಂಬುದರ ಮೇಲೆ ನಿಂತಿದೆ. ಪರಿಹಾರಗಳ ಸಮೂಹ ಹಾಗಲ್ಲ.

ಆಗಸ್ಟ್ 12, ಮಂಗಳವಾರ

ರಟ್ಟನ್ನು ತರಗತಿಗೆ ಒಯ್ದಿದ್ದೆ. ಮತ್ತೆ ಹಕ್ಕಿಗಳನ್ನು ನೆನಪಿಗೆ ತಂದುಕೊಂಡೆವು: ನಾಲ್ಕು ಬಗೆಯೂ ಇರಬೇಕು, ಚೂರು ಹಕ್ಕಿ ಇರಬಾರದು. ಹಾಗೆಂದರೆ ರಟ್ಟಿನ ಮೇಲೆ ಎಷ್ಟು ಚುಕ್ಕೆ ಉಳಿಯುತ್ತವೆ?

ಒಂದು ಗುಂಪಿನವರು ಹುಡುಗಿಯ ವೆಕ್ಟರ್‌ಗಳನ್ನು ಮೂರರಿಂದ ಗುಣಿಸಿ ಭಿನ್ನರಾಶಿ ಕಳೆದು (−4, 3, 0, −1), (−5, 0, 3, −2) ಮಾಡಿಕೊಂಡರು. (3, 4, 5, 12)ರಿಂದ ಹೊರಟು ಇವುಗಳ ಪೂರ್ಣಾಂಕ ಗುಣಕಗಳನ್ನು ಕೂಡುತ್ತ ಕಳೆಯುತ್ತ ಹೋಗಿ, 6 ಪರಿಹಾರಗಳಿವೆ ಎಂದರು. ಲೆಕ್ಕದಲ್ಲಿ ಎಲ್ಲೂ ಎಡವಿಲ್ಲ. ಆದರೆ ಹಲಗೆಯ ಮೇಲೆ ಮೊದಲ ದಿನ ಬರೆದ (4, 2, 6, 12) ಅವರ ಪಟ್ಟಿಯಲ್ಲಿ ಇರಲಿಲ್ಲ.

ಎಲ್ಲಿ ಬಿಟ್ಟುಹೋಯಿತು ಎಂದು ಎಲ್ಲರೂ ಸೇರಿ ಹುಡುಕಿದೆವು. (1, −2, 1, 0) ಎಂಬ ಹೆಜ್ಜೆಯನ್ನು ಅವರ ವೆಕ್ಟರ್‌ಗಳಿಂದ ಕಟ್ಟಬೇಕಾದರೆ ಮೊದಲನೆಯದರ −2/3, ಎರಡನೆಯದರ 1/3 ಬೇಕು. ಯಾವ ಗುಣಕವಾದರೂ ಆಗಬಹುದು ಎಂದಾಗ ಆ ಎರಡು ವೆಕ್ಟರ್‌ಗಳು ಇಡೀ ಸಮತಲವನ್ನು ಮುಟ್ಟುತ್ತವೆ. ಪೂರ್ಣಾಂಕ ಗುಣಕಗಳು ಮಾತ್ರ ಎಂದ ಕೂಡಲೇ ಹೆಜ್ಜೆ ತುಂಬ ದೊಡ್ಡದಾಗಿ ಸಮತಲದ ಪೂರ್ಣಾಂಕ ಬಿಂದುಗಳಲ್ಲಿ ಮೂರರಲ್ಲಿ ಒಂದು ಪಾಲನ್ನು ಮಾತ್ರ ಮುಟ್ಟುತ್ತವೆ. ಮೊದಲ ದಿನ ತಾವಾಗಿ ಸಿಕ್ಕ (1, −2, 1, 0), (4, −3, 0, 1) ಎಂಬ ಜೋಡಿಗೆ ಈ ತೊಂದರೆ ಇಲ್ಲ. z ಎಷ್ಟು ಬದಲಾಗಬೇಕೋ ಅಷ್ಟು ಸಲ ಮೊದಲನೆಯದು, m ಎಷ್ಟು ಬದಲಾಗಬೇಕೋ ಅಷ್ಟು ಸಲ ಎರಡನೆಯದು. ಎರಡೂ ಪೂರ್ಣಾಂಕಗಳೇ, ಯಾವ ಬಿಂದುವೂ ತಪ್ಪುವುದಿಲ್ಲ.

ಆ ಜೋಡಿಯಿಂದ ನಡೆದಾಗ ಚುಕ್ಕೆಗಳು ಸಾಲುಸಾಲಾಗಿ ಬಂದವು. ಮೊದಲ ಹೆಜ್ಜೆಯಲ್ಲಿ ನವಿಲು ಬದಲಾಗುವುದಿಲ್ಲವಾದ್ದರಿಂದ ಒಂದೊಂದು ಸಾಲಿಗೆ ಒಂದೊಂದು ನವಿಲಿನ ಸಂಖ್ಯೆ. 11 ನವಿಲಿನ ಸಾಲಿನಲ್ಲಿ 2 ಚುಕ್ಕೆ, 12ರದರಲ್ಲಿ 4, 13ರದರಲ್ಲಿ 5, 14ರದರಲ್ಲಿ 3, 15ರದರಲ್ಲಿ 2. ಒಟ್ಟು 16. ಒಬ್ಬ ಹುಡುಗ ಸ್ಕೆಚ್ ಪೆನ್ನಿನಿಂದ ರಟ್ಟಿನ ಮೇಲೆ ಒಂದೊಂದನ್ನೂ ಗುರುತು ಮಾಡಿದ. ಐದು ಸಾಲುಗಳೂ ಒಂದಕ್ಕೊಂದು ಸಮಾಂತರವಾಗಿ ಕಂಡವು. ನಲ್ ಸ್ಪೇಸ್ ಅನಂತ, ರಟ್ಟು ಮಾತ್ರ ಮೂರು ಅಂಚುಗಳಲ್ಲಿ ಮುಗಿಯುತ್ತದೆ. 16ಕ್ಕೆ ನಿಲ್ಲಿಸಿದ್ದು ಸಮೀಕರಣಗಳಲ್ಲ, ಪ್ರತಿ ಬಗೆಯ ಹಕ್ಕಿಯೂ ಇರಲೇಬೇಕು ಎಂಬ ನಿಬಂಧನೆ.

ಆಗಸ್ಟ್ 13, ಬುಧವಾರ

ಇವತ್ತು b ಬದಲಿಸಿದೆ. ರಾಜನ ಕೈ ಸ್ವಲ್ಪ ಧಾರಾಳ, ಅದೇ 100 ಹಕ್ಕಿಗೆ 120 ಪಣ ಖರ್ಚಾಗಬೇಕು ಎಂದೆ. ಕೆಲವರು ಮೊದಲಿನಿಂದ ಲೆಕ್ಕ ಶುರು ಮಾಡಿದರು. ಮೊದಲ ಬೆಂಚಿನ ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟು, “ಒಂದು ಉತ್ತರ ಹುಡುಕಿದರೆ ಸಾಕಲ್ವಾ ಮೇಡಮ್? ವಿನಿಮಯದ ದರ ಬದಲಾಗಿಲ್ಲವಲ್ಲ” ಎಂದಳು. ಒಂದು ವಾರದ ಪಾಠ ಆ ಮಾತಿನಲ್ಲಿತ್ತು.

ಈಗ m = x + y + z + 10, ಉಳಿಯುವ ಸಮತಲ 3x + 4y + 5z = 45. ರಟ್ಟು ಅದೇ ಓರೆಯಲ್ಲಿ ಮೂಲೆಯ ಕಡೆಗೆ ಸ್ವಲ್ಪ ಸರಿಯಿತು. ಒಂದು ಪರಿಹಾರ (1, 3, 6, 20): 5 + 21 + 54 + 20 = 100 ಹಕ್ಕಿ, 3 + 15 + 42 + 60 = 120 ಪಣ. ಇದರ ಮೇಲೆ ಹಳೆಯ ವಿನಿಮಯಗಳೇ ನಡೆಯುತ್ತವೆ. (2, 1, 7, 20) ಕೂಡಲೇ ಸಿಗುತ್ತದೆ. ನಲ್ ಸ್ಪೇಸ್ A ಯದು, ಅದಕ್ಕೆ b ಯ ಗೊಡವೆ ಇಲ್ಲ. b ಬದಲಾದಂತೆ ಸಮತಲ ತನಗೆ ತಾನೇ ಸಮಾಂತರವಾಗಿ ಸರಿಯುತ್ತದೆ.

ಇನ್ನು ಹೇಳಲು ಬಾಕಿ ಇದ್ದದ್ದು ಹೊರಡುವ ಬಿಂದುವೇ ಸಿಗದ ಸಂದರ್ಭ. ನಾಲ್ಕೂ ಹಕ್ಕಿಗಳಿಗೆ ಒಂದಕ್ಕೆ ಒಂದೇ ಪಣ ಎಂದಿಟ್ಟುಕೊಂಡರೆ ಎರಡು ಸಮೀಕರಣಗಳ ಎಡಬದಿ ಒಂದೇ ಆಗಿಬಿಡುತ್ತದೆ. 100 ಹಕ್ಕಿಗೆ 100 ಪಣ ಎಂದರೆ ಎರಡನೆಯ ಸಮೀಕರಣ ಹೊಸದೇನೂ ಹೇಳುವುದಿಲ್ಲ, ವಿನಿಮಯಗಳ ಆಯಾಮ 2ರಿಂದ 3ಕ್ಕೆ ಏರುತ್ತದೆ. 100 ಹಕ್ಕಿಗೆ 120 ಪಣ ಎಂದರೆ ಪರಿಹಾರವೇ ಇಲ್ಲ. ವಿನಿಮಯಗಳು ಆಗಲೂ ಬೇಕಾದಷ್ಟಿವೆ, ನಲ್ ಸ್ಪೇಸ್ ಇನ್ನೂ ದೊಡ್ಡದಾಗಿದೆ, ಆದರೆ ಅದನ್ನು ಎತ್ತಿ ಕೂರಿಸಲು ಒಂದು ಬಿಂದುವೂ ಇಲ್ಲ. ಸಾಲುಗಳನ್ನು ಕಳೆಯುತ್ತ ಹೋದಾಗ 0 = 20 ಎಂಬ ಸಾಲು ಬಂದರೆ ಇದು ಗೊತ್ತಾಗುತ್ತದೆ.

ಶುಕ್ರವಾರ ರಜೆ, ಕಿರುಪರೀಕ್ಷೆ ಶನಿವಾರ. ಪ್ರಶ್ನೆ ಬರೆದಿಟ್ಟಿದ್ದೇನೆ: “112 ಪಣಕ್ಕೆ 100 ಹಕ್ಕಿ. ಒಂದು ಪರಿಹಾರ ಹುಡುಕಿ. ನಲ್ ಸ್ಪೇಸ್ ಅನ್ನು ಮತ್ತೆ ಲೆಕ್ಕ ಹಾಕಬೇಕೇ? ಕಾರಣ ಕೊಡಿ.” ಅಂಕಗಳಲ್ಲಿ ಹೆಚ್ಚಿನ ಪಾಲನ್ನು ಆ ಕಾರಣಕ್ಕೇ ಇಟ್ಟಿದ್ದೇನೆ.